ಸಿಟ್ಟು ಹೋಗಲಿ, ಗಡುವು ಇರಲಿ

ಬಂಟ್ವಾಳದ ಹೆಂಚಿನ ಕಾರ್ಖಾನೆಯೊಂದರ ಕಚೇರಿಗೆ ನಾನು ಟೈಪಿಸ್ಟ್ ಆಗಿ ಸೇರಿದ್ದು ಎಂಬತ್ತರ ದಶಕದಲ್ಲಿ. ಹೆಂಚು ಲಾರಿಯೇರಿ ಘಟ್ಟದ ಮೇಲಿನ ಊರುಗಳಿಗೆ ಹೋಗುತ್ತಿತ್ತು, ಹಣ ಮಾತ್ರ ನಿಧಾನವಾಗಿ ಬರುತ್ತಿತ್ತು. ಹಾಗಾಗಿ ನಾನು ಟೈಪ್ ಮಾಡಿದ ಪತ್ರಗಳಲ್ಲಿ ಹೆಚ್ಚಿನವು ಬಾಕಿ ಕೇಳುವ ಪತ್ರಗಳೇ.

ಸಂಜೆ ಲೆಡ್ಜರ್ ನೋಡಿದ ಧಣಿಗಳು ಕೆಂಡಾಮಂಡಲವಾಗಿ ಒಕ್ಕಣೆ ಹೇಳುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ. ಆದರೆ ಆ ಹೊತ್ತಿಗೆ ಟಪಾಲು ಹೋಗಿ ಆಗಿರುತ್ತಿತ್ತು. ಮರುದಿನ ಬೆಳಿಗ್ಗೆ ಕರಡು ಮೊದಲು ಹೆಡ್ ಗುಮಾಸ್ತರ ಮೇಜಿಗೆ ಹೋಗಬೇಕು. ಅವರ ಕೆಂಪು ಪೆನ್ಸಿಲಿಗೆ ಒಂದು ಕ್ರಮವಿತ್ತು. ಎದುರಿನ ವ್ಯಾಪಾರಿ ಎಂಥವನು ಎಂದು ಹೇಳುವ ಸಾಲುಗಳೆಲ್ಲ ಹೋಗುತ್ತಿದ್ದವು. ಬಿಲ್ಲಿನ ನಂಬರು, ಮೊತ್ತ, ತಾರೀಕು, ಕೊಡದಿದ್ದರೆ ಮುಂದಿನ ಲೋಡು ಕಳಿಸುವುದಿಲ್ಲ ಎಂಬ ಮಾತು, ಇವಿಷ್ಟನ್ನು ಅವರು ಮುಟ್ಟುತ್ತಿರಲಿಲ್ಲ. "ನಾಳೆ ಈ ಕಾರ್ಬನ್ ಕಾಪಿ ವಕೀಲರ ಕೈಗೆ ಹೋದರೆ ಕೆಲಸಕ್ಕೆ ಬರುವುದು ಅಂಕಿ ಮಾರಾಯ, ಬೈಗುಳ ಅಲ್ಲ" ಎನ್ನುತ್ತಿದ್ದರು. ಅಷ್ಟರಲ್ಲಿ ಧಣಿಗಳ ಸಿಟ್ಟೂ ಇಳಿದಿರುತ್ತಿತ್ತು, ಸಹಿ ಹಾಕಿಬಿಡುತ್ತಿದ್ದರು.

ಮುಂದೆ ಬೆಳ್ತಂಗಡಿ ಕಡೆಯ ಸಹಕಾರಿ ಸಂಘವೊಂದರಲ್ಲಿ ಸಾಲ ವಸೂಲಿಯ ಕಡತ ನೋಡಿಕೊಂಡೆ. ಅಲ್ಲಿ ಪತ್ರ ಕನ್ನಡದಲ್ಲಿ. ಓದುವವರು ಸಂಘದ ಸದಸ್ಯರು, ಅಂದರೆ ನಮ್ಮದೇ ಊರಿನವರು. ಅಡಿಕೆಗೆ ಕೊಳೆರೋಗ ಬಂದ ವರ್ಷ ಯಾರಿಗೆ ಕಂತು ಕಟ್ಟಲಾಗಲಿಲ್ಲ ಎಂಬುದು ನಮಗೆ ಗೊತ್ತಿತ್ತು. ನೋಟಿಸು ಹೋದ ಮರುವಾರ ಅದೇ ಮನೆಯವರು ಸಂತೆಯಲ್ಲೋ ಕೋಲದ ಅಂಗಳದಲ್ಲೋ ಎದುರಾಗುತ್ತಿದ್ದರು. ಆದ್ದರಿಂದ ಒರಟು ಮಾತು ಬರೆಯುವಂತಿರಲಿಲ್ಲ. ಹಾಗೆಂದು ಮೊತ್ತ ಮರೆಸುವಂತೆಯೂ ಇರಲಿಲ್ಲ. "ತಮ್ಮ ಸಾಲದ ಬಾಬ್ತು ಅಸಲು ಇಷ್ಟು, ಬಡ್ಡಿ ಇಷ್ಟು ಬಾಕಿಯಿದೆ. ಇಂಥ ತಾರೀಕಿನ ಒಳಗೆ ಪಾವತಿಸಬೇಕಾಗಿ ಕೋರಿಕೆ. ತಪ್ಪಿದಲ್ಲಿ ಸಹಕಾರ ಸಂಘಗಳ ಕಾಯ್ದೆಯ ಕಲಂ 70ರಂತೆ ದಾವೆ ಹೂಡಲಾಗುವುದು." ದಾವೆಯ ಮಾತೂ ಕೋರಿಕೆಯ ದನಿಯಲ್ಲೇ ಇರುತ್ತಿತ್ತು. ಅದನ್ನು ಓದಿ ಯಾರೂ ಅವಮಾನವಾಯಿತು ಎಂದದ್ದಿಲ್ಲ, ತಾರೀಕು ತಿಳಿಯಲಿಲ್ಲ ಎಂದವರೂ ಇಲ್ಲ.

ಆಮೇಲೆ ಮೂಡುಬಿದಿರೆಯ ಗೇರುಬೀಜದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗಕ್ಕೆ ಬಂದೆ. ಅಷ್ಟರಲ್ಲಿ ಎಲ್ಲವೂ ಇ-ಮೇಲಿಗೆ ಬಂದಿತ್ತು. ಟಪಾಲಿನ ಹೊತ್ತಿಗೆ ಕಾಯಬೇಕಿಲ್ಲ, ಮರುಟೈಪು ಇಲ್ಲ, ಕೆಂಪು ಪೆನ್ಸಿಲೂ ಇಲ್ಲ. ಸಿಟ್ಟು ಬಂದ ಗಳಿಗೆಯಲ್ಲೇ ಪತ್ರ ಹೋಗಿಬಿಡುತ್ತದೆ. ಈ ಕೆಲಸದಲ್ಲಿ ನಾನು ಕಂಡ ದೊಡ್ಡ ಬದಲಾವಣೆ ಇದೇ. ಸಿಟ್ಟು ಹಿಂದೆಯೂ ಇಷ್ಟೇ ಇತ್ತು. ಅದಕ್ಕೂ ಅಂಚೆಗೂ ನಡುವೆ ಒಂದು ರಾತ್ರಿಯಿತ್ತು, ಇನ್ನೊಬ್ಬರ ಕಣ್ಣಿತ್ತು.

ಜಿಎಸ್‌ಟಿ ಬಂದ ಮೇಲೆ ಇಂಥ ಮೇಲ್‌ಗಳು ಹೆಚ್ಚಾದವು. 2022ರ ಜನವರಿಯಿಂದ, ನಮಗೆ ಬಿಲ್ ಕೊಟ್ಟವರು ತಮ್ಮ ರಿಟರ್ನಿನಲ್ಲಿ ಅದನ್ನು ತೋರಿಸಿ, ಅದು ನಮ್ಮ GSTR-2Bಯಲ್ಲಿ ಕಂಡರೆ ಮಾತ್ರ ಆ ತೆರಿಗೆ ನಮಗೆ ವಜಾ ಸಿಗುತ್ತದೆ. ಅವರು 11ನೇ ತಾರೀಕಿನೊಳಗೆ GSTR-1 ಸಲ್ಲಿಸಬೇಕು, 14ಕ್ಕೆ ನಮ್ಮ 2B ತಯಾರಾಗುತ್ತದೆ, 20ರೊಳಗೆ ನಾವು ತೆರಿಗೆ ಕಟ್ಟಬೇಕು. ಅವರು ಬಿಟ್ಟದ್ದನ್ನು ನಾವು ಕೈಯಿಂದ ತುಂಬಬೇಕು.

ಒಮ್ಮೆ ಹೀಗಾಯಿತು. ಬೀಜ ಬೇಯಿಸುವ ಬಾಯ್ಲರಿನ ರಿಪೇರಿಗೆ ಏಪ್ರಿಲಿನಲ್ಲಿ ಒಂದೂವರೆ ಲಕ್ಷದ ಬಿಲ್, ಮೇಲೆ ಶೇ. 18ರಂತೆ 27,000 ರೂಪಾಯಿ ಜಿಎಸ್‌ಟಿ. ಮೇ 14ರ 2Bಯಲ್ಲಿ ಆ ಬಿಲ್ ಇರಲಿಲ್ಲ. 20ರಂದು 27,000 ನಾವೇ ತುಂಬಿದೆವು. ನಮ್ಮ ವಿಭಾಗದ ಹುಡುಗ ಬರೆದ ಮೇಲ್‌ನ ಒಕ್ಕಣೆ ಹೀಗಿತ್ತು: "ನಿಮಗೆ ಎಷ್ಟು ಸಲ ಹೇಳಬೇಕು? ನಿಮ್ಮ ಬೇಜವಾಬ್ದಾರಿಯಿಂದ ನಮಗೆ ನಷ್ಟವಾಗಿದೆ. ತಕ್ಷಣ ಸರಿಮಾಡಿ. ಇಲ್ಲದಿದ್ದರೆ ನಿಮ್ಮ ಜೊತೆ ವ್ಯವಹಾರವೇ ಬೇಡ."

ಕಳಿಸುವ ಮೊದಲು ತೋರಿಸಿದ. ಮೆತ್ತಗೆ ಬರೆಯೋಣ ಎಂದೆ. "ಇಪ್ಪತ್ತೇಳು ಸಾವಿರ ಕೈಬಿಟ್ಟು ಹೋಗಿದೆ ಸರ್, ಇನ್ನು ಎಂತ ಮರ್ಯಾದೆ?" ಎಂದ. ಅವನ ಸಂಕಟ ನ್ಯಾಯವಾದದ್ದೇ. ಆದರೆ ಆ ಮೇಲ್‌ನಲ್ಲಿ ಬಿಲ್ಲಿನ ನಂಬರು ಇಲ್ಲ, ಮೊತ್ತ ಇಲ್ಲ. 'ತಕ್ಷಣ' ಎಂದರೆ ಯಾವ ದಿನ ಎಂದು ಯಾರಿಗೂ ತಿಳಿಯದು. ಬಾಯ್ಲರ್ ಬಲ್ಲವರು ಹತ್ತಿರದಲ್ಲಿ ಬೇರೆ ಇಲ್ಲದ ಕಾರಣ ವ್ಯವಹಾರ ಬಿಡುವುದೂ ಆಗದ ಮಾತು. ದನಿ ಜೋರಾಗಿತ್ತು, ಬೇಡಿಕೆ ಸಡಿಲವಾಗಿತ್ತು.

ಇನ್ನೊಂದು ಸಂಗತಿಯೂ ಇತ್ತು. ವರ್ಷಕ್ಕೆ 5 ಕೋಟಿಯವರೆಗೆ ವಹಿವಾಟು ಇರುವವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಕೊಡುವ ಕ್ರಮ ಆರಿಸಿಕೊಳ್ಳಬಹುದು. ಅಂಥವರ ಏಪ್ರಿಲ್ ಬಿಲ್ ಮೇ ತಿಂಗಳಲ್ಲಿ ಕಾಣದಿದ್ದರೆ ಅದು ತಪ್ಪೇ ಅಲ್ಲ. ಆದರೆ ಅವರು ಮನಸ್ಸು ಮಾಡಿದರೆ IFF ಎಂಬ ಸೌಲಭ್ಯದಲ್ಲಿ ಮೊದಲ ಎರಡು ತಿಂಗಳ ಬಿಲ್‌ಗಳನ್ನು ಮರುತಿಂಗಳ 13ರೊಳಗೆ ತೋರಿಸಬಹುದು. ಬೇಜವಾಬ್ದಾರಿ ಎಂದು ಬರೆದಿದ್ದರೆ, ತಪ್ಪು ಮಾಡದವರ ಮೇಲೆ ತಪ್ಪು ಹೊರಿಸಿದಂತಾಗುತ್ತಿತ್ತು.

ಇಬ್ಬರೂ ಕೂತು ತಿದ್ದಿದ ಮೇಲ್ ಇದು:

"ಮಾನ್ಯರೇ, ಏಪ್ರಿಲಿನಲ್ಲಿ ತಾವು ಮಾಡಿಕೊಟ್ಟ ಬಾಯ್ಲರ್ ರಿಪೇರಿ ಚೆನ್ನಾಗಿ ಆಗಿದೆ. ಅದರ ಬಿಲ್ (ಪ್ರತಿ ಲಗತ್ತಿಸಿದೆ) ಮೇ 14ರ ನಮ್ಮ GSTR-2Bಯಲ್ಲಿ ಬಂದಿಲ್ಲ. ಇದರಿಂದ ರೂ. 27,000 ತೆರಿಗೆಯನ್ನು ನಾವೇ ತುಂಬಬೇಕಾಯಿತು. ದಯವಿಟ್ಟು ಈ ಬಿಲ್ಲನ್ನು ಜೂನ್ 11ರೊಳಗೆ GSTR-1ರಲ್ಲಿ ಸೇರಿಸಿ. ತಮ್ಮದು ತ್ರೈಮಾಸಿಕ ರಿಟರ್ನ್ ಆಗಿದ್ದರೆ ಜೂನ್ 13ರೊಳಗೆ IFFನಲ್ಲಿ ತೋರಿಸಿ. ಬಿಲ್ಲಿನ ಒಂದೂವರೆ ಲಕ್ಷವನ್ನು ಒಪ್ಪಿದ ದಿನವೇ ಪಾವತಿಸುತ್ತೇವೆ. ತೆರಿಗೆಯ 27,000ವನ್ನು ಬಿಲ್ ನಮ್ಮ 2Bಯಲ್ಲಿ ಕಂಡ ಮೇಲೆ ಪಾವತಿಸುತ್ತೇವೆ. ಏನಾದರೂ ತೊಡಕಿದ್ದರೆ ಈ ವಾರ ಫೋನ್ ಮಾಡಿ."

'ಎಷ್ಟು ಸಲ', 'ಬೇಜವಾಬ್ದಾರಿ' ಎರಡೂ ಹೋದವು. ಬಿಲ್ಲು, ಮೊತ್ತ, ತಾರೀಕು, ತಪ್ಪಿದರೆ ಆಗುವುದು, ಈ ನಾಲ್ಕೂ ಒಳಗೆ ಬಂದವು. ತಡೆಹಿಡಿದದ್ದು ನಮಗೆ ನಷ್ಟವಾದಷ್ಟು ಮೊತ್ತವನ್ನು ಮಾತ್ರ. ಹುಡುಗ ಮೊದಲು "ಸಾಧ್ಯವಾದರೆ ಬೇಗ ಸೇರಿಸಿ" ಎಂದು ಬರೆಯಲು ಹೊರಟಿದ್ದ. ಅದು ಬೇಡ ಎಂದೆ. ವಿನಯ 'ದಯವಿಟ್ಟು' ಎಂಬಲ್ಲಿ ಇರಲಿ, ತಾರೀಕಿನಲ್ಲಿ ಬೇಡ. ಮೆದು ಮಾಡಲು ಹೋಗಿ ಗಡುವನ್ನೇ ಕರಗಿಸಿದ ಮೇಲ್‌ಗಳನ್ನು ಸಿಟ್ಟಿನವುಗಳಷ್ಟೇ ನೋಡಿದ್ದೇನೆ. ಅವಕ್ಕೆ ಉತ್ತರವೇ ಬರುವುದಿಲ್ಲ.

ಮರುದಿನ ಫೋನ್ ಬಂತು. ಅವರದು ತ್ರೈಮಾಸಿಕ ರಿಟರ್ನೇ ಆಗಿತ್ತು. IFF ವಿಷಯವನ್ನು ತಮ್ಮ ಲೆಕ್ಕಪರಿಶೋಧಕರಲ್ಲಿ ವಿಚಾರಿಸಿದರು, ಜೂನ್ 14ರ 2Bಯಲ್ಲಿ ಬಿಲ್ ಬಂತು, 27,000 ಅಂದೇ ಕಳಿಸಿದೆವು.

ಬಾರದಿದ್ದರೆ? ಆಗಲೂ ಎರಡನೆಯ ಮೇಲ್ ಇದಕ್ಕಿಂತ ಖಾರವಾಗಬೇಕಿರಲಿಲ್ಲ. ಗಡುವು ದಾಟಿದೆ, ಬರೆದಂತೆ 27,000 ತಡೆಹಿಡಿದಿದ್ದೇವೆ ಎಂದು ಎರಡು ಸಾಲು ಬರೆದು, ನಿಜವಾಗಿಯೂ ತಡೆಹಿಡಿದರೆ ಸಾಕಿತ್ತು. ಮಾಡಲು ಸಿದ್ಧವಿರುವುದನ್ನಷ್ಟೇ ಬರೆದವರಿಗೆ ದನಿ ಏರಿಸುವ ಅಗತ್ಯ ಬೀಳುವುದಿಲ್ಲ.