ಕೆಲಸ ಸಿಗದವರಿಗೆ ಬರೆದ ಕಾಗದ

ನಮ್ಮೂರ ಶಾಲೆಯೊಂದಕ್ಕೆ ಗಣಿತದ ಟೀಚರ್ ಬೇಕಾಗಿದ್ದಾಗ, ನಿವೃತ್ತಳಾಗಿ ಮನೆಯಲ್ಲಿದ್ದ ನನ್ನನ್ನೂ ಆಯ್ಕೆ ಸಮಿತಿಗೆ ಕರೆದಿದ್ದರು. ಕೊನೆಯ ಸುತ್ತಿನಲ್ಲಿ ಉಳಿದವರು ಇಬ್ಬರು, ಕೆಲಸ ಒಂದೇ. ಸಿಗದವರಿಗೆ ಕಾಗದ ಬರೆಯುವುದು ನನ್ನ ಪಾಲಿಗೆ ಬಂತು.

ಇಂಥ ಕಾಗದದಲ್ಲಿ ಸಾಮಾನ್ಯವಾಗಿ ಇರುವುದು ಎರಡೇ ಮಾತು: ವಿಷಾದ ಮತ್ತು ಶುಭ ಹಾರೈಕೆ. ಅರ್ಜಿ ಹಾಕಿ ಮೊದಲೇ ಹೊರಬಿದ್ದವರಿಗೆ ಅಷ್ಟು ಸಾಕು, ಅವರ ಬಗ್ಗೆ ನಮಗೆ ಹೆಚ್ಚೇನೂ ಗೊತ್ತಿರುವುದಿಲ್ಲ. ಆದರೆ ಈ ಹೆಣ್ಣುಮಗಳು ಮೂರು ಸಲ ಬಸ್ಸು ಹತ್ತಿ ಬಂದಿದ್ದರು. ಕೊನೆಯ ಸಲ ಐದನೇ ತರಗತಿಗೆ ಪಾಠವನ್ನೂ ಮಾಡಿದ್ದರು. ಕಾರಣ ಹೇಳದಿದ್ದರೆ ಮುಂದಿನ ಶಾಲೆಯಲ್ಲೂ ಅಲ್ಲೇ ಎಡವುತ್ತಾರೆ.

ಕಾರಣ ಇಷ್ಟು. ಬೋರ್ಡಿನ ಮೇಲೆ ಅವರು 1/2 + 1/3 ಎಂದು ಬರೆದರು. ಒಬ್ಬ ಹುಡುಗ ಎದ್ದು '2/5' ಎಂದ. ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿದ್ದ, ಪಾಪ. ಇವರು 'ತಪ್ಪು' ಎಂದು 5/6 ಬರೆದು ಮುಂದೆ ಹೋದರು. ಅರ್ಧ ಹೋಳಿಗೆ ಇದ್ದವನಿಗೆ ಇನ್ನೊಂದು ತುಂಡು ಕೊಟ್ಟರೆ ಅರ್ಧಕ್ಕಿಂತ ಕಡಿಮೆಯಾಗುತ್ತದೆಯೇ? 2/5 ಎಂದರೆ ಅರ್ಧಕ್ಕಿಂತ ಕಡಿಮೆಯೇ. 'ಹೇಗೆ ಮಾಡಿದೆ ಮರಿ?' ಎಂದು ಕೇಳಿದ್ದರೆ ಹುಡುಗನೇ ಅದನ್ನು ಕಂಡುಕೊಳ್ಳುತ್ತಿದ್ದ.

ಸಮಿತಿಯ ಒಬ್ಬರು 'ಆತ್ಮವಿಶ್ವಾಸ ಸಾಲದು ಅಂತ ಬರೀರಿ' ಎಂದರು. ನಾನು ಒಪ್ಪಲಿಲ್ಲ. ಅದನ್ನು ಓದಿ ಆಕೆ ನಾಳೆ ಬೆಳಿಗ್ಗೆ ಏನು ಬದಲಾಯಿಸಿಕೊಳ್ಳಬೇಕು? ದನಿ ಸಣ್ಣದು ಎಂದರು ಇನ್ನೊಬ್ಬರು. ಇರಬಹುದು, ಆದರೆ ನಾವು ತೀರ್ಮಾನಿಸಿದ್ದು ಅದರಿಂದಲ್ಲವಲ್ಲ! 'ಮುಂದೆ ಕರೆಯುತ್ತೇವೆ' ಎಂಬುದನ್ನೂ ಹೊಡೆದು ಹಾಕಿದೆ. ಆ ವರ್ಷ ಬೇರೆ ಹುದ್ದೆಯೇ ಇರಲಿಲ್ಲ, ಸುಮ್ಮನೆ ಕಾಯುತ್ತಾ ಕೂರುತ್ತಿದ್ದರು.

ಮೂರನೇ ದಿನ ಕಳಿಸಿದ ಕಾಗದ ಹೀಗಿತ್ತು:

'ಈ ಹುದ್ದೆಗೆ ಬೇರೊಬ್ಬರನ್ನು ಆರಿಸಿದ್ದೇವೆ. ಹೋಳಿಗೆಯ ಚಿತ್ರ ಬರೆದು ಆರು ಭಾಗ ಮಾಡಿ ನೀವು ತೋರಿಸಿದ ರೀತಿ ಮೂವರಿಗೂ ಹಿಡಿಸಿತು. ನಮ್ಮನ್ನು ಹಿಂಜರಿಸಿದ್ದು ಒಂದು ಗಳಿಗೆ. ಹುಡುಗ 2/5 ಎಂದಾಗ ಅದು ಹೇಗೆ ಬಂತೆಂದು ನೀವು ಕೇಳಲಿಲ್ಲ. ಮುಂದಿನ ಪಾಠದಲ್ಲಿ ತಪ್ಪು ಉತ್ತರ ಬಂದಾಗ ಅಳಿಸುವ ಮೊದಲು ಮಗುವಿನಿಂದಲೇ ಲೆಕ್ಕ ಹೇಳಿಸಿ ನೋಡಿ.'

ಆಯ್ಕೆಯಾದವರ ಸುದ್ದಿ ಅದರಲ್ಲಿ ಎತ್ತಲಿಲ್ಲ. ಮುಖ್ಯೋಪಾಧ್ಯಾಯರಿಗೆ ಅಳುಕು, ಕಾರಣ ಬರೆದರೆ ಜಗಳಕ್ಕೆ ಬಂದಾರು ಎಂದು. ಮೂವರೂ ಕಣ್ಣಾರೆ ಕಂಡದ್ದನ್ನಷ್ಟೇ ಬರೆದಿದ್ದೇನೆ ಎಂದೆ.

ವಾರದೊಳಗೆ ಉತ್ತರ ಬಂತು. ಜಗಳವಲ್ಲ, ಒಂದು ಪ್ರಶ್ನೆ: 'ಇಪ್ಪತ್ತೇ ನಿಮಿಷ ಇತ್ತು ಮೇಡಂ. ಅಲ್ಲಿ ನಿಂತಿದ್ದರೆ ಪಾಠ ಮುಗಿಯುತ್ತಿರಲಿಲ್ಲ. ಅದಕ್ಕೆ ಅಂಕ ಕಡಿಮೆಯಾಗುತ್ತಿರಲಿಲ್ಲವೇ?'

ಆಗುತ್ತಿರಲಿಲ್ಲ ಎಂದು ಬರೆದೆ. ಈಗ ಆ ಶಾಲೆಯವರು ಸಂದರ್ಶನದ ಪತ್ರದಲ್ಲೇ 'ಪಾಠ ಪೂರ್ತಿ ಮುಗಿಸಬೇಕಾಗಿಲ್ಲ' ಎಂದು ಒಂದು ಸಾಲು ಸೇರಿಸುತ್ತಾರೆ.