ಹರಿಗೋಲಿನ ಕಟ್‌ಸೀನ್

ತಳವಾರಘಟ್ಟದಲ್ಲಿ ಹರಿಗೋಲು ತಿರುಗುವುದನ್ನು ನೋಡುತ್ತಾ ಹೊಳೆದದ್ದು: ನಮ್ಮ ಪುಟ್ಟ ಗೇಮಿನ ಕಟ್‌ಸೀನ್ ಇಲ್ಲೇ ನಡೆಯಬೇಕು.

ಕಟ್‌ಸೀನಿನಲ್ಲಿ ದೊಡ್ಡ ಕಷ್ಟ ಮಾತಿನ ವೇಗ. ಕ್ಯಾಮೆರಾ ನಾಲ್ಕು ಸೆಕೆಂಡಿನಲ್ಲಿ ಸರಿದು ನಿಂತುಬಿಡುತ್ತದೆ, ನಿಧಾನವಾಗಿ ಓದುವವರು ಇನ್ನೂ ಸಾಲಿನ ಮಧ್ಯದಲ್ಲಿರುತ್ತಾರೆ. ಆಗ ದೃಶ್ಯ ಹೆಪ್ಪುಗಟ್ಟಿದಂತೆ ಕಾಣುತ್ತದೆ. ಹರಿಗೋಲು ಹಾಗಲ್ಲ, ಅದು ಸುಮ್ಮನೆ ಸುತ್ತುತ್ತಲೇ ಇರಬಹುದು. ಕ್ಯಾಮೆರಾವನ್ನು ಅದಕ್ಕೇ ಕಟ್ಟಿ, ಅಜ್ಜನ ಜೊತೆ ಕೂತ ಹುಡುಗಿಯ ಹೆಗಲ ಹಿಂದೆ ಇಟ್ಟರೆ ಸಾಕು.

"ಅಜ್ಜಾ, ಆನೆಗೊಂದಿ ಇನ್ನೂ ಎಷ್ಟು ದೂರ?"
"ಬಂತು ನೋಡವ್ವ."

ಆಟಗಾರ ಒತ್ತುವವರೆಗೂ ಹಿಂದೆ ದಡ ಮೆಲ್ಲಗೆ ತಿರುಗುತ್ತಿರುತ್ತದೆ. ಇಬ್ಬರೂ ಕೂತೇ ಇರುವುದರಿಂದ ನಡಿಗೆಯ ಅನಿಮೇಷನ್ ಬೇಕಿಲ್ಲ.

ದಡಕ್ಕೆ ಮೂರೇ ಬಂಡೆ ಮಾಡೆಲ್ ಸಾಕು. ಗಾತ್ರ ಬದಲಿಸಿ, ನಿಂತ ನಿಲುವಿನಲ್ಲೇ ತಿರುಗಿಸಿ ಮತ್ತೆ ಮತ್ತೆ ಇಡಬಹುದು. ಆದರೆ ಮಗ್ಗುಲಿಗೆ ಮಲಗಿಸಬಾರದು: ಹಂಪಿಯ ಬಂಡೆಗಳ ಮೇಲೆ ಮಳೆನೀರು ಇಳಿದ ಕಪ್ಪು ಗೆರೆಗಳಿರುತ್ತವೆ, ಅವು ಅಡ್ಡವಾದರೆ ನಮ್ಮ ಕಡೆಯವರು ಥಟ್ಟನೆ ಗುರುತಿಸುತ್ತಾರೆ. ಆ ಗೆರೆಗಳನ್ನು ಬೇರೆ ಪದರವಾಗಿ, ಯಾವಾಗಲೂ ಮೇಲಿಂದ ಕೆಳಕ್ಕೆ ಹಾಕಿದರೆ ಬಂಡೆಯನ್ನು ಹೇಗೆ ಬೇಕಾದರೂ ಉರುಳಿಸಬಹುದು.

ಹೊಸಪೇಟೆ, ಕಂಪ್ಲಿ, ಸಂಡೂರಿನ ಗೆಳೆಯರೇ, ನೀವಾದರೆ ಕ್ಯಾಮೆರಾ ಎಲ್ಲಿಡುತ್ತಿದ್ದಿರಿ?