ಮನೆಯಲ್ಲಿ ಮೊದಲ ಪದವಿ, ಅರ್ಜಿಯಲ್ಲಿ ಒಂದು ಪ್ಯಾರಾ

ಮೆಂಟರ್‌ಶಿಪ್ ಅರ್ಜಿಯಲ್ಲಿ ಹೆಸರು, ವಿಳಾಸ, ಅಂಕಗಳ ಕಾಲಂಗಳೆಲ್ಲ ಮುಗಿದ ಮೇಲೆ ಒಂದು ಖಾಲಿ ಚೌಕ ಬರುತ್ತದೆ: ‘ನಿಮ್ಮ ಬಗ್ಗೆ 150 ಪದಗಳ ಒಳಗೆ ಬರೆಯಿರಿ.’ ನಮ್ಮ ಪ್ರಥಮ ದರ್ಜೆ ಕಾಲೇಜಿನ ಮಕ್ಕಳು ಅಲ್ಲಿಯವರೆಗೆ ಸಲೀಸಾಗಿ ತುಂಬಿಕೊಂಡು ಬಂದವರು ಆ ಚೌಕದ ಮುಂದೆ ನಿಂತುಬಿಡುತ್ತಾರೆ. ಮನೆಯಲ್ಲಿ ಪದವಿ ಓದಿದವರೇ ಇಲ್ಲವೆಂದರೆ ಇಂಥದ್ದೊಂದನ್ನು ಬರೆದವರೂ ಇಲ್ಲ, ತಿದ್ದಿಕೊಡುವವರೂ ಇಲ್ಲ. ವಾಣಿಜ್ಯ ಪಾಠ ಹೇಳುವ ನನ್ನ ಹತ್ತಿರ ಅವರು ಆ ಹಾಳೆ ಹಿಡಿದು ಬರುವುದು ಹೀಗೆ.

ಶಿಡ್ಲಘಟ್ಟದ ಕಡೆಯ ಹುಡುಗಿಯೊಬ್ಬಳು, ಬಿ.ಕಾಂ. ಕೊನೆಯ ಸೆಮಿಸ್ಟರ್‌ನವಳು, ಬರೆದು ತಂದದ್ದು ಇಷ್ಟು: “ನಾನು ಒಂದು ಬಡ ರೈತ ಕುಟುಂಬದಲ್ಲಿ ಜನಿಸಿದೆ. ನನ್ನ ತಂದೆ ತಾಯಿ ಅವಿದ್ಯಾವಂತರು. ಅನೇಕ ಕಷ್ಟಗಳ ನಡುವೆಯೂ ನನ್ನನ್ನು ಓದಿಸಿದರು. ನಾನು ಶ್ರಮಜೀವಿ, ಪ್ರಾಮಾಣಿಕಳು, ಹೊಸದನ್ನು ಕಲಿಯುವ ಆಸಕ್ತಿ ಉಳ್ಳವಳು. ನನ್ನ ಕಮ್ಯುನಿಕೇಶನ್ ಸುಧಾರಿಸಿಕೊಂಡು ಜೀವನದಲ್ಲಿ ಏನಾದರೂ ಸಾಧಿಸಬೇಕೆಂಬುದು ನನ್ನ ಆಸೆ.”

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಇದನ್ನು ಓದುವವರ ಕೆಲಸ ಏನೆಂದು ಯೋಚಿಸಬೇಕು. ಅವರ ಮುಂದೆ ಒಂದು ಕಡೆ ಅರ್ಜಿಗಳ ಕಟ್ಟು ಇರುತ್ತದೆ, ಇನ್ನೊಂದು ಕಡೆ ಮಾರ್ಗದರ್ಶನ ಮಾಡಲು ಒಪ್ಪಿದವರ ಪಟ್ಟಿ: ಒಬ್ಬರು ಬ್ಯಾಂಕಿನವರು, ಒಬ್ಬರು ಆಡಿಟರ್, ಒಬ್ಬರು ಸಾಫ್ಟ್‌ವೇರ್ ಕಂಪನಿಯವರು. ಈ ಹುಡುಗಿಯನ್ನು ಯಾರ ಜೊತೆ ಕೂರಿಸಬೇಕು? ಅವಳ ಪ್ಯಾರಾದಲ್ಲಿ ಉತ್ತರವಿಲ್ಲ. ಹೆಸರು ಬದಲಾಯಿಸಿದರೆ ಅದನ್ನು ತರಗತಿಯ ಅರ್ಧಕ್ಕರ್ಧ ಮಕ್ಕಳು ತಮ್ಮದೆಂದು ಕಳಿಸಬಹುದು. ಬರೆದದ್ದು ನಿಂತಿದೆಯೋ ಇಲ್ಲವೋ ಎಂದು ನೋಡಲು ನಾನು ನೆಚ್ಚಿಕೊಂಡಿರುವ ಪರೀಕ್ಷೆ ಅದೇ. ‘ಅವಿದ್ಯಾವಂತರು’ ಎಂಬ ಮಾತಂತೂ ನನಗೆ ನೋವು ಕೊಡುತ್ತದೆ. ಮಕ್ಕಳು ಅದನ್ನು ವಿನಯವೆಂದೇ ತಿಳಿದು ಬರೆಯುತ್ತಾರೆ. ಆದರೆ ಆ ಸಾಲು ಅಪ್ಪ ಅಮ್ಮನ ಬಳಿ ಇಲ್ಲದ್ದನ್ನು ಮಾತ್ರ ಹೇಳುತ್ತದೆ, ಅವರಿಗೆ ಏನು ಗೊತ್ತು ಎಂಬುದನ್ನು ಮುಚ್ಚಿಬಿಡುತ್ತದೆ.

“ಮನೇಲಿ ಏನು ಬೆಳೀತೀರಮ್ಮ?” ಎಂದೆ.

“ರೇಷ್ಮೆ ಮೇಡಂ. ಹುಳು ಮೇಯಿಸ್ತೀವಿ.”

“ಲೆಕ್ಕ ಯಾರು ಇಡ್ತಾರೆ?”

“ನಾನೇ ಇಡ್ತೀನಿ ಮೇಡಂ. ಅದೇನು ಬರೆಯೋ ಅಂಥದ್ದಲ್ಲ.”

ಬರೆಯುವಂಥದ್ದು ಅದೇ ಆಗಿತ್ತು. ಮಾರನೆಯ ದಿನ ನೋಟ್‌ಬುಕ್ ತಂದಳು. ಚಾಕಿ ಸೆಂಟರಿನಿಂದ ಮರಿಹುಳು ತಂದ ದಿನ, ಕೊಟ್ಟ ಹಣ, ಕೂಲಿ, ಸುಣ್ಣ, ಬ್ಲೀಚಿಂಗ್ ಪೌಡರ್, ಮಾರುಕಟ್ಟೆಗೆ ಗೂಡು ಸಾಗಿಸಿದ ಆಟೋ ಬಾಡಿಗೆ, ಹರಾಜಿನಲ್ಲಿ ಸಿಕ್ಕ ದರ, ಎಲ್ಲವೂ ಬೆಳೆಬೆಳೆಗೆ ಬೇರೆಯಾಗಿ ಬರೆದಿತ್ತು. ಅದರಲ್ಲಿ ಎರಡು ಬೆಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆವು. ಎರಡಕ್ಕೂ ತಂದದ್ದು ತಲಾ 100 ಮೊಟ್ಟೆಯ ಹುಳು. ಒಂದರಲ್ಲಿ ಗೂಡಿಗೆ ಕೆಜಿಗೆ 620 ರೂಪಾಯಿ ಸಿಕ್ಕಿತ್ತು, ಇನ್ನೊಂದರಲ್ಲಿ 480. ಮನೆಯವರ ನೆನಪಿನಲ್ಲಿ 620ರದ್ದೇ ಒಳ್ಳೆಯ ಬೆಳೆ. ಆದರೆ ಆ ಸಲ ಮಳೆಯಲ್ಲಿ ನೆಂದ ಸೊಪ್ಪು ಹಾಕಬೇಕಾಗಿ ಬಂದು, ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಹಾಲುತೊಂಡೆಗೆ ಹೋಗಿ, ಕೈಗೆ ಬಂದ ಗೂಡು 45 ಕೆಜಿ. ಇನ್ನೊಂದರಲ್ಲಿ 72 ಕೆಜಿ. ಅಂದರೆ ದರ ಏರಿದ್ದಾಗ ಬಂದದ್ದು 27,900 ರೂಪಾಯಿ, ದರ ಇಳಿದಿದ್ದಾಗ ಬಂದದ್ದು 34,560. ಇದನ್ನು ಅವಳು ಮನೆಯಲ್ಲಿ ಕೂಡಿ ತೋರಿಸಿದ್ದಳು. ಅಮ್ಮ ಕೇಳಿದ್ದು ಬೇರೆಯೇ ಪ್ರಶ್ನೆ: “ಬೆಳಿಗ್ಗೆ ಎದ್ದು ಸೊಪ್ಪು ಕೊಯ್ಯೋಳು ನಾನು. ನನ್ನ ಕೂಲಿ ಎಲ್ಲಿ ಬರ್ದಿದೀಯ?” ಅಂದಿನಿಂದ ನೋಟ್‌ಬುಕ್‌ನಲ್ಲಿ ಮನೆಯವರ ಕೂಲಿಗೂ ಒಂದು ಕಾಲಂ ಬಂದಿತು. ಕೈಯಿಂದ ಹಣ ಹೋಗದಿದ್ದರೂ ವೆಚ್ಚವಾಗುವ ಶ್ರಮವನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ನಾನು ಕಾಸ್ಟ್ ಅಕೌಂಟಿಂಗ್ ತರಗತಿಯಲ್ಲಿ ಹೇಳುವ ಪಾಠವನ್ನು ಆ ತಾಯಿ ಒಂದೇ ಪ್ರಶ್ನೆಯಲ್ಲಿ ಹೇಳಿದ್ದರು.

ಇಲ್ಲಿಗೆ ಪ್ಯಾರಾದ ಅರ್ಧ ಸಿಕ್ಕಿತು. ಉಳಿದರ್ಧ ಹೆಚ್ಚು ಕಷ್ಟದ್ದು: ಮೆಂಟರ್‌ನಿಂದ ಬೇಕಾದದ್ದು ಏನು? ‘ಮಾರ್ಗದರ್ಶನ ಬೇಕು’ ಎಂದರೆ ಸಾಲದು. ಅವಳಿಗೆ ಸಿಎ ಮಾಡುವ ಆಸೆ. ಬಿ.ಕಾಂ.ನಲ್ಲಿ ಶೇ. 55 ಅಂಕ ಇದ್ದರೆ ಫೌಂಡೇಶನ್ ಪರೀಕ್ಷೆ ಬರೆಯದೆ ನೇರವಾಗಿ ಇಂಟರ್‌ಮೀಡಿಯಟ್‌ಗೆ ನೋಂದಾಯಿಸಬಹುದು ಎಂಬುದು ಅವಳಿಗೆ ಗೊತ್ತಿತ್ತು. ಸುಲಭವಾಗಿ ತಿಳಿದುಕೊಳ್ಳಬಹುದಾದ ಇಂಥ ಮಾಹಿತಿಯನ್ನು ಕೇಳಲು ಮೆಂಟರ್ ಬೇಕಿಲ್ಲ. ಅವಳ ದಾರಿ ಕತ್ತಲಾಗುವುದು ಅದರ ಮುಂದೆ. ಇಂಟರ್‌ಮೀಡಿಯಟ್ ಪಾಸಾದ ಮೇಲೆ ಒಬ್ಬ ಸಿಎ ಕೈಕೆಳಗೆ ಎರಡು ವರ್ಷ ಆರ್ಟಿಕಲ್‌ಶಿಪ್ ಮಾಡಬೇಕು. ಪರಿಚಯದ ಆಡಿಟರ್ ಇರುವ ಮನೆಯ ಹುಡುಗರಿಗೆ ಯಾವ ಆಫೀಸಿಗೆ ಹೋದರೆ ಏನು ಕಲಿಯಬಹುದು ಎಂಬುದು ಊಟದ ಹೊತ್ತಿನ ಮಾತಿನಲ್ಲೇ ತಿಳಿದಿರುತ್ತದೆ. ಇವಳಿಗೆ ಯಾರ ಬಾಗಿಲು ತಟ್ಟಬೇಕೆಂಬುದೇ ಗೊತ್ತಿಲ್ಲ. ಆರ್ಟಿಕಲ್‌ಶಿಪ್‌ನ ಸ್ಟೈಪೆಂಡ್‌ನಲ್ಲಿ ಬೆಂಗಳೂರಿನ ಪಿಜಿ ಬಾಡಿಗೆ ಹುಟ್ಟುತ್ತದೆಯೇ, ಅಥವಾ ಒಂದೆರಡು ವರ್ಷ ಕೆಲಸ ಮಾಡಿ ಹಣ ಕೂಡಿಟ್ಟು ಆಮೇಲೆ ಓದುವುದು ಲೇಸೇ? ಮನೆಯಲ್ಲಿ ಮೊದಲು ಪದವಿ ಪಡೆದವರಿಗೆ ಇಲ್ಲದಿರುವುದು ಈ ಬಗೆಯ ಒಳಗಿನ ತಿಳಿವಳಿಕೆ. ಆ ಚೌಕದಲ್ಲಿ ಕೇಳಬೇಕಾದದ್ದೂ ಅದನ್ನೇ.

ಆಮೇಲೆ ಅವಳು ಬರೆದದ್ದು:

“ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಯುವ ಮನೆ. ನಮ್ಮಲ್ಲಿ ಪದವಿ ಓದುತ್ತಿರುವವಳು ನಾನೇ ಮೊದಲು. ಬಿ.ಕಾಂ. ಎರಡನೇ ವರ್ಷದಿಂದ ಮನೆಯ ಪ್ರತಿ ಬೆಳೆಯ ಖರ್ಚು, ಇಳುವರಿ ಮತ್ತು ದರವನ್ನು ಬರೆದಿಡುತ್ತಿದ್ದೇನೆ. ದರ ಹೆಚ್ಚು ಸಿಕ್ಕ ಬೆಳೆಗಿಂತ ಇಳುವರಿ ಹೆಚ್ಚು ಬಂದ ಬೆಳೆಯೇ ನಮಗೆ 6,660 ರೂಪಾಯಿ ಹೆಚ್ಚು ತಂದಿತ್ತೆಂದು ಆ ಲೆಕ್ಕದಿಂದ ತಿಳಿಯಿತು. ತಾಯಿಯ ಸಲಹೆಯಂತೆ ಈಗ ಮನೆಯವರ ಕೂಲಿಯನ್ನೂ ವೆಚ್ಚಕ್ಕೆ ಸೇರಿಸುತ್ತೇನೆ. ನನಗೆ ಸಿಎ ಮಾಡುವ ಆಸೆಯಿದೆ. ಆರ್ಟಿಕಲ್‌ಶಿಪ್‌ಗೆ ಆಫೀಸನ್ನು ಹೇಗೆ ಆರಿಸಿಕೊಳ್ಳುವುದು, ಅದಕ್ಕೆ ಮೊದಲು ಕೆಲಸಕ್ಕೆ ಸೇರಿ ಹಣ ಉಳಿಸುವುದು ಸರಿಯೇ ಎಂಬುದನ್ನು ಈ ದಾರಿಯಲ್ಲಿ ನಡೆದವರಿಂದ ಕೇಳಬೇಕಿದೆ. ಶನಿವಾರ ಸಂಜೆ ಮತ್ತು ಭಾನುವಾರ ಫೋನಿನಲ್ಲಿ ಮಾತನಾಡಲು ಬಿಡುವಿರುತ್ತದೆ.”

ಕೊನೆಯ ಸಾಲು ಅವಳದೇ ಯೋಚನೆ, ನನಗೆ ತುಂಬ ಇಷ್ಟವಾದದ್ದು. ಮಾರ್ಗದರ್ಶನ ಮಾಡುವವರೂ ಕೆಲಸದ ನಡುವೆ ಬಿಡುವು ಮಾಡಿಕೊಂಡು ಬರುವವರು. ಅವರ ಹೊತ್ತಿಗೆ ಬೆಲೆ ಕೊಡುವ ಹುಡುಗಿ ಎಂಬುದು ಅಲ್ಲಿ ಹೇಳದೆಯೇ ತಿಳಿಯುತ್ತದೆ.

‘ಮೊದಲು’ ಎಂಬ ಮಾತಿಗೆ ಮಾತ್ರ ಅವಳು ಅನುಮಾನಪಟ್ಟಳು. ಚಿಕ್ಕಪ್ಪ ಡಿಪ್ಲೊಮಾ ಮಾಡಿದ್ದಾರೆ, ಬರೆಯಬಹುದೇ? ಸಾಮಾನ್ಯವಾಗಿ ಇಂಥ ಅರ್ಜಿಗಳಲ್ಲಿ ಕೇಳುವುದು ಅಪ್ಪ ಅಮ್ಮ ಇಬ್ಬರಲ್ಲಿ ಯಾರಾದರೂ ಪದವಿ ಮುಗಿಸಿದ್ದಾರೆಯೇ ಎಂಬುದನ್ನು. ಆದಾಯ ಪ್ರಮಾಣಪತ್ರಕ್ಕೂ ಇದಕ್ಕೂ ಸಂಬಂಧವಿಲ್ಲ, ಬಡತನವನ್ನು ಬೇರೆಯಾಗಿ ರುಜುವಾತು ಮಾಡಬೇಕಿಲ್ಲ. ಆದರೂ ಅರ್ಜಿಯ ಸೂಚನೆಗಳನ್ನು ಒಮ್ಮೆ ಓದಿ ನೋಡು, ಬೇರೆ ಅರ್ಥ ಕೊಟ್ಟಿದ್ದರೆ ಅದರಂತೆ ಬರೆ ಎಂದೆ. ಓದಿದಳು, ಅಲ್ಲಿ ತಂದೆ ತಾಯಿಯ ಮಾತಷ್ಟೇ ಇತ್ತು. ಸಾಲನ್ನು ಹಾಗೆಯೇ ಇಟ್ಟು ಅರ್ಜಿ ಕಳಿಸಿದಳು.